ಕೆಲಸ ಬಿಟ್ಟವರ ಲೆಕ್ಕ: ಯಾವ ವಿಭಾಗದಲ್ಲಿ, ಸೇವೆಯ ಯಾವ ಹಂತದಲ್ಲಿ ಕಂಪನಿಗೆ ಹೆಚ್ಚು ನಷ್ಟವಾಗುತ್ತದೆ ಎಂದು ಕಂಡುಕೊಳ್ಳುವ ಬಗೆ

ತುಮಕೂರಿನ ವಸಂತನರಸಾಪುರ ಕೈಗಾರಿಕಾ ಪ್ರದೇಶದ ಬಹುತೇಕ ಕಾರ್ಖಾನೆಗಳಲ್ಲಿ ತಿಂಗಳ ಕೊನೆಯ ಸಭೆಗೆ ಹೆಚ್‌ಆರ್ ವಿಭಾಗ ಒಂದು ಸಂಖ್ಯೆಯನ್ನು ತರುತ್ತದೆ. ವರ್ಷದಲ್ಲಿ ಕೆಲಸ ಬಿಟ್ಟವರ ಸಂಖ್ಯೆಯನ್ನು ಸರಾಸರಿ ನೌಕರರ ಸಂಖ್ಯೆಯಿಂದ ಭಾಗಿಸಿ ನೂರರಿಂದ ಗುಣಿಸಿದ ಶೇಕಡಾವಾರು ಅದು. ಎಲ್ಲಿ ಹೆಚ್ಚು ಜನ ಬಿಟ್ಟರು ಎಂಬುದನ್ನು ಅದು ಹೇಳುತ್ತದೆ, ಆದರೆ ಎಲ್ಲಿ ಹೆಚ್ಚು ಹಣ ಹೋಯಿತು ಎಂಬುದನ್ನು ಹೇಳುವುದಿಲ್ಲ. ಈ ಎರಡೂ ಒಂದೇ ಎಂದು ನಂಬಿ, ಹಣ ಹೋಗದ ಜಾಗಕ್ಕೆ ವರ್ಷಗಟ್ಟಲೆ ಔಷಧ ಹಚ್ಚಿದ್ದನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಆದ್ದರಿಂದ ವಿಭಾಗ ಮತ್ತು ಸೇವಾವಧಿ ಎರಡನ್ನೂ ಒಟ್ಟಿಗೆ ಇಟ್ಟುಕೊಂಡು ಲೆಕ್ಕ ಹಾಕುವ ವಿಧಾನವನ್ನು ಇಲ್ಲಿ ಒಂದೇ ಮಾದರಿಯ ಮೂಲಕ ವಿವರಿಸುತ್ತೇನೆ.

ಮಾದರಿಗೆ ಲೋಹದ ಬಿಡಿಭಾಗಗಳನ್ನು ತಯಾರಿಸುವ, ಸುಮಾರು 240 ಜನ ಕೆಲಸ ಮಾಡುವ ಒಂದು ಕಾರ್ಖಾನೆಯನ್ನು ತೆಗೆದುಕೊಳ್ಳೋಣ. ಅದರ ಅಸೆಂಬ್ಲಿ ಮತ್ತು ಪ್ಯಾಕಿಂಗ್ ವಿಭಾಗದಲ್ಲಿ 110 ಜನ, ಸಿಎನ್‌ಸಿ ಯಂತ್ರಗಳಿರುವ ಮಷೀನ್ ಶಾಪ್‌ನಲ್ಲಿ 80 ಜನ, ಉಳಿದವರು ಕ್ವಾಲಿಟಿ ಮತ್ತು ಮೇಂಟೆನೆನ್ಸ್‌ನಲ್ಲಿ ಇದ್ದಾರೆ. ವರ್ಷದಲ್ಲಿ ಅಸೆಂಬ್ಲಿಯಿಂದ 48 ಜನ, ಮಷೀನ್ ಶಾಪ್‌ನಿಂದ 20 ಜನ ತಾವಾಗಿಯೇ ಬಿಟ್ಟಿದ್ದಾರೆ. ಶೇಕಡಾವಾರು ನೋಡಿದರೆ ಅಸೆಂಬ್ಲಿಯಲ್ಲಿ 44, ಮಷೀನ್ ಶಾಪ್‌ನಲ್ಲಿ 25. ಈ ಅಂಕಿಗಳು ಯಾವುದೇ ಕಂಪನಿಯ ದಾಖಲೆಯಿಂದ ಬಂದವಲ್ಲ, ಲೆಕ್ಕದ ದಾರಿ ಸ್ಪಷ್ಟವಾಗಲೆಂದು ನಾನು ಇಟ್ಟುಕೊಂಡವು. ಸಭೆಯಲ್ಲಿ ಇಷ್ಟನ್ನೇ ತೋರಿಸಿದರೆ ಎಲ್ಲರ ದೃಷ್ಟಿ ಅಸೆಂಬ್ಲಿಯ ಕಡೆಗೆ ಹೋಗುವುದು ಸಹಜ.

ಮೊದಲು ದಾಖಲೆಯನ್ನು ಸರಿಪಡಿಸಿಕೊಳ್ಳಿ

ಈ ಕೆಲಸದಲ್ಲಿ ಅತಿ ಹೆಚ್ಚು ಸಮಯ ಬೇಡುವ ಹಂತ ಇದು. ಇಲ್ಲಿ ಅವಸರ ಮಾಡಿದರೆ ಮುಂದಿನದೆಲ್ಲ ವ್ಯರ್ಥವಾಗುತ್ತದೆ.

ಮೊದಲನೆಯ ತೊಡಕು ಕೆಲಸ ಬಿಟ್ಟ ದಿನಾಂಕದ್ದು. ನಮ್ಮ ಕಡೆ ರಾಜೀನಾಮೆ ಪತ್ರ ಕೊಟ್ಟು ಹೋಗುವವರು ಕಡಿಮೆ. ಕೊರಟಗೆರೆ, ಮಧುಗಿರಿ, ಶಿರಾ ಕಡೆಯಿಂದ ಕಂಪನಿ ಬಸ್ಸಿನಲ್ಲಿ ಬರುವ ಹುಡುಗ ಒಂದು ದಿನ ಬಸ್ಸು ಹತ್ತುವುದಿಲ್ಲ, ಅಷ್ಟೆ. ಫೋನ್ ಮಾಡಿ, ಪತ್ರ ಬರೆದು, ಕೊನೆಗೆ ಒಂದೂವರೆ ಎರಡು ತಿಂಗಳ ಮೇಲೆ ಅವನ ಹೆಸರನ್ನು ಹಾಜರಿಯಿಂದ ತೆಗೆಯುತ್ತಾರೆ. ಹೆಚ್‌ಆರ್ ಪಟ್ಟಿಯಲ್ಲಿರುವುದು ಹೆಸರು ತೆಗೆದ ದಿನಾಂಕ. ಎರಡೇ ತಿಂಗಳು ಕೆಲಸ ಮಾಡಿದವನು ಇದರಿಂದಾಗಿ ನಾಲ್ಕು ತಿಂಗಳ ಸೇವೆಯವನಾಗಿ ಕಾಣಿಸುತ್ತಾನೆ. ಆದ್ದರಿಂದ ಹಾಜರಿ ಯಂತ್ರದಲ್ಲಿ ಅವನು ಕೊನೆಯ ಬಾರಿ ಪಂಚ್ ಮಾಡಿದ ದಿನವನ್ನೇ ಕೊನೆಯ ದಿನವಾಗಿ ತೆಗೆದುಕೊಳ್ಳಬೇಕು.

ಎರಡನೆಯದು ಮರಳಿ ಬರುವವರ ವಿಷಯ. ರಾಗಿ ಕೊಯ್ಲಿಗೆ ಅಥವಾ ಊರ ಜಾತ್ರೆಗೆ ಹೋದವರು ತಿಂಗಳೋ ಎರಡು ತಿಂಗಳೋ ಬಿಟ್ಟು ಬಂದಾಗ ಅವರಿಗೆ ಹೊಸ ನೌಕರ ಸಂಖ್ಯೆ ಕೊಡುವ ರೂಢಿ ಹಲವೆಡೆ ಇದೆ. ಆಗ ಒಬ್ಬನೇ ವ್ಯಕ್ತಿ ಒಮ್ಮೆ ಬಿಟ್ಟವನಾಗಿಯೂ ಮತ್ತೊಮ್ಮೆ ಹೊಸಬನಾಗಿಯೂ ಎಣಿಕೆಗೆ ಬರುತ್ತಾನೆ. ಪಿಎಫ್‌ನ ಯುಎಎನ್ ಸಂಖ್ಯೆ ಕೆಲಸ ಬದಲಾದರೂ ಬದಲಾಗುವುದಿಲ್ಲವಾದ್ದರಿಂದ, ಅದನ್ನು ಹಿಡಿದು ಪಟ್ಟಿಯನ್ನು ಜೋಡಿಸಿದರೆ ಇಂಥವರೆಲ್ಲ ಸಿಗುತ್ತಾರೆ. ಮೂರು ತಿಂಗಳೊಳಗೆ ಹಿಂದಿರುಗಿದವರನ್ನು ನಾನು ಬಿಟ್ಟವರೆಂದು ಎಣಿಸುವುದಿಲ್ಲ. ನೀವು ಬೇರೆ ಮಿತಿ ಇಟ್ಟುಕೊಳ್ಳಬಹುದು, ಆದರೆ ಪ್ರತಿ ವರ್ಷವೂ ಅದೇ ಮಿತಿ ಇರಬೇಕು.

ಗುತ್ತಿಗೆದಾರನ ಮೂಲಕ ಒಂದು ವರ್ಷ ದುಡಿದು ನಂತರ ಕಂಪನಿಯ ರೋಲ್‌ಗೆ ಬಂದವನ ಸೇವೆಯನ್ನು ಅವನು ಮೊದಲು ಗೇಟಿನೊಳಗೆ ಬಂದ ದಿನದಿಂದ ಎಣಿಸಬೇಕು, ಏಕೆಂದರೆ ಕಲಿಕೆ ಶುರುವಾದದ್ದು ಅಂದೇ. ನಿವೃತ್ತಿ, ಮರಣ ಮತ್ತು ಕಂಪನಿಯೇ ತೆಗೆದುಹಾಕಿದ ಪ್ರಕರಣಗಳನ್ನು ಬೇರೆಯಾಗಿ ಗುರುತಿಸಿಡಿ.

ಬಿಟ್ಟವರನ್ನು ಮಾತ್ರ ನೋಡಬೇಡಿ, ಇದ್ದವರನ್ನೂ ಎಣಿಸಿ

ಹಲವರು ಮಾಡುವ ತಪ್ಪು ಎಂದರೆ ಬಿಟ್ಟವರ ಸೇವಾವಧಿಯ ಸರಾಸರಿ ತೆಗೆದು, "ನಮ್ಮಲ್ಲಿ ಜನ ಹದಿನಾಲ್ಕು ತಿಂಗಳಿಗೆ ಬಿಡುತ್ತಾರೆ" ಎಂದು ತೀರ್ಮಾನಿಸುವುದು. ಆ ವರ್ಷ ಹೊಸಬರ ನೇಮಕ ಹೆಚ್ಚಾಗಿದ್ದರೆ ಬಿಟ್ಟವರಲ್ಲಿಯೂ ಹೊಸಬರೇ ಹೆಚ್ಚಿರುತ್ತಾರೆ, ಸರಾಸರಿ ತಾನಾಗಿಯೇ ಇಳಿಯುತ್ತದೆ. ಜನರ ವರ್ತನೆಯಲ್ಲಿ ಏನೂ ಬದಲಾಗದಿದ್ದರೂ ಸಂಖ್ಯೆ ಬದಲಾಗುತ್ತದೆ. ಸೇವೆಯ ಆ ಹಂತದಲ್ಲಿ ಒಟ್ಟು ಎಷ್ಟು ಜನ, ಎಷ್ಟು ಕಾಲ ಇದ್ದರು ಎಂಬುದು ಗೊತ್ತಿಲ್ಲದೆ, ಅಲ್ಲಿ ಎಷ್ಟು ಜನ ಬಿಟ್ಟರು ಎಂಬುದಕ್ಕೆ ಅರ್ಥವಿಲ್ಲ.

ಇದಕ್ಕೆ ಬೇಕಾದ ಅಳತೆ ಮಾನವ ತಿಂಗಳು. ನರೇಗಾದಲ್ಲಿ ಮಾನವ ದಿನ ಎಂದು ಎಣಿಸುವ ಹಾಗೆಯೇ ಇದು: ಒಬ್ಬ ನೌಕರ ಒಂದು ಹಂತದಲ್ಲಿ ಒಂದು ತಿಂಗಳು ಇದ್ದರೆ ಒಂದು ಮಾನವ ತಿಂಗಳು. ಸೇವೆಯನ್ನು ನಾಲ್ಕು ಹಂತಗಳಾಗಿ ವಿಂಗಡಿಸಿಕೊಳ್ಳೋಣ: ಮೊದಲ ಮೂರು ತಿಂಗಳು, ಮೂರರಿಂದ ಹನ್ನೆರಡು, ಹನ್ನೆರಡರಿಂದ ಮೂವತ್ತಾರು, ಮತ್ತು ಅದರ ಮೇಲೆ. ವರ್ಷದ ಆರಂಭಕ್ಕೆ ಹತ್ತು ತಿಂಗಳ ಸೇವೆ ಮುಗಿಸಿದ್ದವನು ವರ್ಷಪೂರ್ತಿ ಇದ್ದರೆ, ಅವನ ಎರಡು ತಿಂಗಳು ಎರಡನೆಯ ಹಂತಕ್ಕೂ ಹತ್ತು ತಿಂಗಳು ಮೂರನೆಯ ಹಂತಕ್ಕೂ ಸೇರುತ್ತವೆ.

ಎಕ್ಸೆಲ್‌ನಲ್ಲಿ ಒಬ್ಬ ನೌಕರ ಒಂದು ವಿಭಾಗದಲ್ಲಿದ್ದ ಅವಧಿಗೆ ಒಂದು ಸಾಲು ಬರೆಯಿರಿ. ವಿಭಾಗ ಬದಲಾಯಿಸಿದವನಿಗೆ ಎರಡು ಸಾಲು. C ಕಾಲಂನಲ್ಲಿ ಕಂಪನಿಗೆ ಸೇರಿದ ದಿನ, D ಕಾಲಂನಲ್ಲಿ ಆ ವಿಭಾಗಕ್ಕೆ ಬಂದ ದಿನ, E ಕಾಲಂನಲ್ಲಿ ಆ ವಿಭಾಗದ ಕೊನೆಯ ದಿನ ಇರಲಿ. ಈಗಲೂ ಇದ್ದರೆ E ಖಾಲಿ. ಕಂಪನಿಯನ್ನೇ ತಾನಾಗಿ ಬಿಟ್ಟಿದ್ದರೆ ಮಾತ್ರ F ಕಾಲಂನಲ್ಲಿ E ಎಂಬ ಅಕ್ಷರ. ವರ್ಷದ ಮೊದಲ ದಿನ J1ರಲ್ಲಿ, ಕೊನೆಯ ದಿನ J2ರಲ್ಲಿ. ಹನ್ನೆರಡರಿಂದ ಮೂವತ್ತಾರು ತಿಂಗಳ ಹಂತದ ಮಾನವ ತಿಂಗಳಿಗೆ ಸೂತ್ರ ಹೀಗಿದೆ:

```
=MAX(0, MIN(EDATE($C2,36), IF($E2="",$J$2,$E2)+1, $J$2+1) - MAX(EDATE($C2,12), $D2, $J$1)) / 30.4
```

ಅದೇ ಹಂತದಲ್ಲಿ ಬಿಟ್ಟಿದ್ದರೆ 1 ಎಂದು ತೋರಿಸುವ ಸೂತ್ರ:

```
=IF(AND($F2="E", $E2>=MAX(EDATE($C2,12),$J$1), $E2<EDATE($C2,36), $E2<=$J$2), 1, 0)
```

ಉಳಿದ ಹಂತಗಳಿಗೆ 12 ಮತ್ತು 36ರ ಜಾಗದಲ್ಲಿ ಆಯಾ ಗಡಿಗಳನ್ನು ಹಾಕಿ. ಕೊನೆಯ ಹಂತಕ್ಕೆ ಮೇಲಿನ ಗಡಿಯಾಗಿ 600 ಹಾಕಿದರೆ ಸಾಕು. ನಂತರ ವಿಭಾಗವಾರು ಕೂಡಿಸಿ. ಇಲ್ಲಿ ಒಂದು ತಾಳೆ ನೋಡಲೇಬೇಕು: ವಿಭಾಗದ ಎಲ್ಲ ಹಂತಗಳ ಮಾನವ ತಿಂಗಳುಗಳ ಮೊತ್ತ ಆ ವಿಭಾಗದ ಸರಾಸರಿ ಸಂಖ್ಯೆಯ ಹನ್ನೆರಡು ಪಟ್ಟಿಗೆ ಹತ್ತಿರ ಇರಬೇಕು. ಅಸೆಂಬ್ಲಿಗೆ 110ರ ಹನ್ನೆರಡು ಪಟ್ಟು 1,320. ನಿಮ್ಮ ಮೊತ್ತ 1,400 ಬಂದರೆ, ಬಹುಪಾಲು ವಿಭಾಗ ಬದಲಾಯಿಸಿದವರ ಹಳೆಯ ಸಾಲಿನಲ್ಲಿ ಕೊನೆಯ ದಿನ ಬರೆಯದೆ ಬಿಟ್ಟಿರುತ್ತೀರಿ.

ಲೆಕ್ಕ ಏನು ಹೇಳುತ್ತದೆ

ಮಾದರಿ ಕಾರ್ಖಾನೆಯ ಎರಡು ದೊಡ್ಡ ವಿಭಾಗಗಳ ಚಿತ್ರ ಹೀಗೆ ಬರುತ್ತದೆ.

| ಸೇವೆಯ ಹಂತ | ಅಸೆಂಬ್ಲಿ: ಮಾನವ ತಿಂಗಳು | ಬಿಟ್ಟವರು | ಮಷೀನ್ ಶಾಪ್: ಮಾನವ ತಿಂಗಳು | ಬಿಟ್ಟವರು |
|---|---|---|---|---|
| 0–3 ತಿಂಗಳು | 110 | 24 | 55 | 4 |
| 3–12 ತಿಂಗಳು | 150 | 12 | 135 | 2 |
| 12–36 ತಿಂಗಳು | 240 | 8 | 160 | 12 |
| 36 ತಿಂಗಳ ಮೇಲೆ | 820 | 4 | 610 | 2 |

ಬಿಟ್ಟವರ ಸಂಖ್ಯೆಯನ್ನು ಮಾನವ ತಿಂಗಳಿಂದ ಭಾಗಿಸಿದರೆ ತಿಂಗಳ ದರ ಸಿಗುತ್ತದೆ. ಅಸೆಂಬ್ಲಿಯಲ್ಲಿ ಮೊದಲ ಮೂರು ತಿಂಗಳಲ್ಲಿ ತಿಂಗಳಿಗೆ ನೂರಕ್ಕೆ ಸುಮಾರು 22 ಜನ ಬಿಡುತ್ತಾರೆ, ನಂತರ 8, ನಂತರ 3, ಕೊನೆಗೆ ಕೇವಲ 0.5. ಸೇವೆ ಹೆಚ್ಚಾದಂತೆ ದರ ಇಳಿಯುತ್ತಾ ಹೋಗುವ ಈ ರೂಪ ಸಾಮಾನ್ಯವಾಗಿ ಕಾಣುವಂಥದ್ದು. ಕೆಲಸ ಒಗ್ಗದವರು ಬೇಗ ಹೋಗುತ್ತಾರೆ, ಒಗ್ಗಿದವರು ಉಳಿಯುತ್ತಾರೆ.

ಮಷೀನ್ ಶಾಪ್‌ನ ರೂಪ ಬೇರೆ. ಮೊದಲ ಮೂರು ತಿಂಗಳಲ್ಲಿ 7, ಆಮೇಲೆ 1.5ಕ್ಕೆ ಇಳಿದು, ಹನ್ನೆರಡು ತಿಂಗಳು ದಾಟಿದ ಮೇಲೆ ಮತ್ತೆ 7.5ಕ್ಕೆ ಏರುತ್ತದೆ. ಇಳಿದ ದರ ಮತ್ತೆ ಏರಿದರೆ ಅಲ್ಲಿ ನಿಲ್ಲಬೇಕು. ಕೆಲಸಕ್ಕೆ ಒಗ್ಗಿ, ಒಂದು ವರ್ಷ ತಾಳಿದವರು ಈಗ ಏಕೆ ಹೋಗುತ್ತಿದ್ದಾರೆ ಎಂಬ ಪ್ರಶ್ನೆ ಅಲ್ಲಿ ಹುಟ್ಟುತ್ತದೆ. ವಿಭಾಗದ ಒಟ್ಟು ಶೇಕಡಾವಾರಿನಲ್ಲಿ ಈ ಏರು ಪೂರ್ತಿ ಮರೆಯಾಗಿತ್ತು.

ಹನ್ನೆರಡು ಜನ ಎಂಬುದು ಸಣ್ಣ ಸಂಖ್ಯೆ, ಕಾಕತಾಳೀಯವಾಗಿರಬಾರದೇಕೆ ಎಂದು ಮಾಲೀಕರು ಕೇಳಿದರೆ ಅದು ನ್ಯಾಯವಾದ ಪ್ರಶ್ನೆ. ಒರಟಾಗಿ ಹೇಳುವುದಾದರೆ, ಎಣಿಕೆಯ ವರ್ಗಮೂಲದ ಎರಡು ಪಟ್ಟಿನಷ್ಟು ಹಿಂದೆ ಮುಂದೆ ಆಗುವುದು ಸಹಜ. ಹನ್ನೆರಡರ ವರ್ಗಮೂಲ ಸುಮಾರು 3.5, ಆದ್ದರಿಂದ ಅದೃಷ್ಟ ಚೆನ್ನಾಗಿದ್ದ ವರ್ಷದಲ್ಲಿ ಐದೇ ಜನ ಬಿಟ್ಟಿರಬಹುದಿತ್ತು. ಆಗಲೂ ದರ 3 ಆಗುತ್ತಿತ್ತು, ಹಿಂದಿನ ಹಂತದ 1.5ಕ್ಕಿಂತ ಹೆಚ್ಚೇ. ಆದರೆ ಕ್ವಾಲಿಟಿ, ಮೇಂಟೆನೆನ್ಸ್‌ನಂಥ ಇಪ್ಪತ್ತು ಮೂವತ್ತು ಜನರ ವಿಭಾಗದಲ್ಲಿ ಒಂದು ಹಂತಕ್ಕೆ ಒಬ್ಬರೋ ಇಬ್ಬರೋ ಬರುತ್ತಾರೆ. ಅಲ್ಲಿ ಒಂದು ವರ್ಷದ ಅಂಕಿಯಿಂದ ಏನನ್ನೂ ಹೇಳಬಾರದು, ಮೂರು ವರ್ಷಗಳನ್ನು ಸೇರಿಸಿ ನೋಡಬೇಕು.

ಒಬ್ಬರು ಬಿಟ್ಟರೆ ಎಷ್ಟು ಖರ್ಚು

ಇದಕ್ಕೆ ಸಂಬಳದ ಇಂತಿಷ್ಟು ಪಟ್ಟು ಎಂದು ಎಲ್ಲಿಂದಲೋ ತಂದ ಸೂತ್ರವನ್ನು ಬಳಸಬೇಡಿ. ಎಲ್ಲ ವಿಭಾಗಕ್ಕೂ ಒಂದೇ ಪಟ್ಟು ಹಾಕಿದರೆ ನಾವು ಹುಡುಕುತ್ತಿರುವ ವ್ಯತ್ಯಾಸವೇ ಅಳಿಸಿಹೋಗುತ್ತದೆ. ಕೇಳಬೇಕಾದ ಪ್ರಶ್ನೆ ಒಂದೇ: ಆ ವ್ಯಕ್ತಿ ಬಿಟ್ಟ ದಿನ ಆ ಸ್ಥಾನದಲ್ಲಿ ಎಷ್ಟು ಕೆಲಸ ನಡೆಯುತ್ತಿತ್ತೋ, ಅಷ್ಟೇ ಕೆಲಸ ಮತ್ತೆ ನಡೆಯುವಂತಾಗಲು ಎಷ್ಟು ಹಣ ಬೇಕು? ಎರಡನೆಯ ವಾರದಲ್ಲಿ ಬಿಟ್ಟವನು ಇನ್ನೂ ಕಲಿತೇ ಇರಲಿಲ್ಲವಾದ್ದರಿಂದ ಅವನೊಂದಿಗೆ ಹೋಗುವುದು ಅಲ್ಪ.

ಅಸೆಂಬ್ಲಿಯಲ್ಲಿ ದಿನಕ್ಕೆ 600 ರೂಪಾಯಿ ಕೂಲಿ ಎಂದಿಟ್ಟುಕೊಳ್ಳಿ. ವೈದ್ಯಕೀಯ ಪರೀಕ್ಷೆ, ಸಮವಸ್ತ್ರ, ಶೂ ಸೇರಿ 2,500. ಹೊಸಬ ಹನ್ನೆರಡು ದಿನ ಅರ್ಧ ಕೆಲಸ ಮಾಡುತ್ತಾನೆಂದರೆ ನಷ್ಟ 3,600. ಜಾಗ ಐದು ದಿನ ಖಾಲಿಯಿದ್ದು ಓಟಿಯಲ್ಲಿ ಕೆಲಸ ನಡೆದರೆ, ಓಟಿಗೆ ಕಾನೂನಿನಂತೆ ಎರಡರಷ್ಟು ಕೂಲಿ ಕೊಡಬೇಕಾದ್ದರಿಂದ ದಿನಕ್ಕೆ 1,200 ಆಗುತ್ತದೆ. ಆದರೆ ಬಿಟ್ಟವನ 600 ಉಳಿದಿದೆ. ಈ ಉಳಿತಾಯವನ್ನು ಕಳೆಯಲು ಮರೆಯುವವರೇ ಹೆಚ್ಚು. ನಿವ್ವಳ 3,000. ಒಟ್ಟು 9,100.

ಮಷೀನ್ ಶಾಪ್‌ನಲ್ಲಿ ಒಂದೂವರೆ ವರ್ಷ ಕಳೆದವನು ಬಿಟ್ಟರೆ ಲೆಕ್ಕವೇ ಬೇರೆ. ಹೊಸಬನನ್ನು ಸೇರಿಸಿಕೊಳ್ಳಲು 3,000. ಮೊದಲ ಮೂರು ತಿಂಗಳು ಅವನು ಹಿರಿಯ ಆಪರೇಟರ್ ಪಕ್ಕದಲ್ಲಿ ನಿಂತು ಕಲಿಯುವಾಗ ಕೊಟ್ಟ ಕೂಲಿಯಲ್ಲಿ ಕೆಲಸವಾಗಿ ಹಿಂದೆ ಬಾರದ ಪಾಲು 28,000. ನಂತರದ ಆರು ತಿಂಗಳು ಯಂತ್ರ ನಡೆಸುತ್ತಾನೆ, ಆದರೆ ಟೂಲ್ ಬದಲಾಯಿಸಿ ಸೆಟ್ಟಿಂಗ್ ಮಾಡಲು ಇನ್ನೊಬ್ಬರು ಬರಬೇಕು. ಆ ಕೊರತೆ 27,000. ಕಲಿಸುವ ಹಿರಿಯನ ಸಮಯ 7,000. ಹೊಸಬರ ಪಾಲಿನ ಹೆಚ್ಚುವರಿ ರಿಜೆಕ್ಷನ್ ಮತ್ತು ಮುರಿದ ಇನ್ಸರ್ಟ್‌ಗಳು 15,000. ಇಪ್ಪತ್ತು ದಿನ ಜಾಗ ಖಾಲಿಯಿದ್ದಾಗ ಓಟಿಯ ನಿವ್ವಳ ಹೊರೆ 15,600. ಒಟ್ಟು 95,600.

ಇವುಗಳಲ್ಲಿ ರಿಜೆಕ್ಷನ್ ಅಂಕಿಯನ್ನು ಅಂದಾಜಿನಲ್ಲಿ ಬರೆಯದೆ, ಕ್ವಾಲಿಟಿಯವರ ರಿಜಿಸ್ಟರಿನಲ್ಲಿ ಮೊದಲ ಒಂಬತ್ತು ತಿಂಗಳ ಆಪರೇಟರ್‌ಗಳ ರಿಜೆಕ್ಷನ್ ಮತ್ತು ಹಳಬರ ರಿಜೆಕ್ಷನ್ ನಡುವಿನ ವ್ಯತ್ಯಾಸವಾಗಿ ತೆಗೆಯಿರಿ. ಸಭೆಯಲ್ಲಿ ಮೊದಲು ಪ್ರಶ್ನೆಗೆ ಒಳಗಾಗುವುದು ಈ ಸಾಲೇ.

ಈಗ ಗುಣಿಸಿ. ಮಷೀನ್ ಶಾಪ್‌ನ ಆ ಒಂದೇ ಹಂತದ ಹನ್ನೆರಡು ಜನರಿಂದ 11,47,200 ರೂಪಾಯಿ. ಅಸೆಂಬ್ಲಿಯ ಮೊದಲ ಮೂರು ಹಂತಗಳ 44 ಜನರಿಂದ 4,00,400, ಅದಕ್ಕೆ ಹಳಬರಾದ ನಾಲ್ವರಿಗೆ ತಲಾ 20,000 ಸೇರಿಸಿದರೂ ಐದು ಲಕ್ಷ ಮುಟ್ಟುವುದಿಲ್ಲ. ಕಲಿಕೆಯ ನಷ್ಟವನ್ನು ಅರ್ಧಕ್ಕೆ ಇಳಿಸಿ, ರಿಜೆಕ್ಷನ್ ಸಾಲನ್ನು ಪೂರ್ತಿ ತೆಗೆದು ಮತ್ತೆ ಲೆಕ್ಕ ಹಾಕಿ: ತಲಾ 53,100, ಒಟ್ಟು 6,37,200. ಆಗಲೂ ಮಷೀನ್ ಶಾಪ್‌ನ ಆ ಹಂತವೇ ಮೇಲಿದೆ. ಅಂದಾಜುಗಳನ್ನು ಇಷ್ಟು ಸಡಿಲಿಸಿದರೂ ಕ್ರಮಾಂಕ ಬದಲಾಗದಿದ್ದರೆ ಮಾತ್ರ ಆ ತೀರ್ಮಾನವನ್ನು ನಂಬಿ ಮುಂದಕ್ಕೆ ಹೋಗಿ.

ಆ ಹಂತದೊಳಗೆ ಇಳಿದು ನೋಡುವುದು

ಎರಡು ವರ್ಷದ ಅಗಲದ ಹಂತ ಕಾರಣವನ್ನು ತೋರಿಸುವುದಿಲ್ಲ. ಹನ್ನೆರಡು ಜನರ ಕಡತಗಳನ್ನು ಮೇಜಿನ ಮೇಲೆ ಹರಡಿ, ಪ್ರತಿಯೊಬ್ಬರ ಸೇವೆ ಎಷ್ಟನೆಯ ತಿಂಗಳಿಗೆ ನಿಂತಿತೆಂದು ಬರೆಯಿರಿ. ಮಾದರಿಯಲ್ಲಿ ಒಂಬತ್ತು ಜನ ಹದಿನೆಂಟರಿಂದ ಇಪ್ಪತ್ನಾಲ್ಕನೆಯ ತಿಂಗಳ ನಡುವೆ ಬಿಟ್ಟಿದ್ದಾರೆ ಎನ್ನೋಣ. ನಿರ್ಗಮನ ಪತ್ರದಲ್ಲಿ "ಸ್ವಂತ ಕಾರಣ" ಎಂದಷ್ಟೇ ಇರುತ್ತದೆ, ಅದರಿಂದ ಏನೂ ತಿಳಿಯದು. ಬಿಟ್ಟು ಎರಡು ತಿಂಗಳಾದ ಮೇಲೆ ಫೋನ್ ಮಾಡಿ ಮಾತನಾಡಿಸಿದರೆ, ಬಾಕಿ ಹಣವೂ ಸಿಕ್ಕಿರುವುದರಿಂದ, ಜನ ನಿಜ ಹೇಳುತ್ತಾರೆ. ಅದಕ್ಕಿಂತ ಮೊದಲು ಶಿಫ್ಟ್ ಸೂಪರ್‌ವೈಸರ್‌ನನ್ನು ಕೇಳಿ. ನಾನು ಹೀಗೆ ಕೇಳಿದಾಗ ಒಬ್ಬರು ಯಂತ್ರದ ಪ್ಯಾನೆಲ್ ತೋರಿಸಿ ಹೇಳಿದ ಮಾತು ಇದು: "ಆಫ್‌ಸೆಟ್ ಕೊಡೋದು ಕಲ್ತ ಮೇಲೆ ಹುಡುಗ್ರು ಆರು ತಿಂಗ್ಳು ನಿಲ್ಲಲ್ಲ ಸಾರ್."

ಟೂಲ್ ಸವೆದಾಗ ಅಳತೆ ನೋಡಿ ಯಂತ್ರಕ್ಕೆ ಕೊಡುವ ತಿದ್ದುಪಡಿಯೇ ಆಫ್‌ಸೆಟ್; ಅದನ್ನು ತಾನೇ ಕೊಡಬಲ್ಲವನು ಹೊರಗಿನ ಮಾರುಕಟ್ಟೆಯಲ್ಲಿ ಪೂರ್ಣ ಆಪರೇಟರ್. ತುಮಕೂರಿನಿಂದ ಹೆದ್ದಾರಿಯಲ್ಲಿ ಬೆಂಗಳೂರಿನ ಕಡೆಗೆ ಹೋದರೆ ದಾಬಸ್‌ಪೇಟೆ, ನೆಲಮಂಗಲ, ಪೀಣ್ಯಗಳಲ್ಲಿ ಅವನಿಗೆ ಕೆಲಸವಿದೆ. ನಮ್ಮ ಪಟ್ಟಿಯಲ್ಲಿ ಮಾತ್ರ ಅವನು ಮೂರು ವರ್ಷ ತುಂಬುವವರೆಗೆ ಟ್ರೈನಿಯ ದರದಲ್ಲೇ ಇರುತ್ತಾನೆ. ಕೌಶಲ ಬಂದ ತಿಂಗಳಿಗೂ ಸಂಬಳ ಏರುವ ತಿಂಗಳಿಗೂ ನಡುವೆ ಇರುವ ಅಂತರದಲ್ಲಿಯೇ ಈ ಒಂಬತ್ತು ಜನ ಹೋಗಿದ್ದಾರೆ. ಇದನ್ನು ಖಚಿತಪಡಿಸಿಕೊಳ್ಳಲು, ಪ್ರತಿಯೊಬ್ಬರಿಗೆ ಸ್ವತಂತ್ರವಾಗಿ ಸೆಟ್ಟಿಂಗ್ ಮಾಡಲು ಅನುಮತಿ ಕೊಟ್ಟ ದಿನವನ್ನು ಕೌಶಲ ಪಟ್ಟಿಯಿಂದ ತೆಗೆದು ಬಿಟ್ಟ ದಿನದ ಪಕ್ಕದಲ್ಲಿ ಬರೆಯಿರಿ. ಅಂತರಗಳು ಒಂದೇ ತೆರನಾಗಿದ್ದರೆ ಕಾರಣ ಇದೇ. ಚದುರಿದ್ದರೆ ಬೇರೆ ಕಾರಣ ಹುಡುಕಬೇಕು. ಒಬ್ಬನೇ ಸೂಪರ್‌ವೈಸರ್‌ನ ಶಿಫ್ಟಿನವರೇ ಹೆಚ್ಚಿದ್ದಾರೆಯೇ, ಒಂದೇ ಬಸ್ ಮಾರ್ಗದವರೇ ಎಂದೂ ನೋಡಬೇಕು.

ಪರಿಹಾರದ ಬೆಲೆಯನ್ನೂ ಅದೇ ಲೆಕ್ಕದಲ್ಲಿ ಇಡಿ

ಸೆಟ್ಟಿಂಗ್ ಪರೀಕ್ಷೆ ಪಾಸಾದವರಿಗೆ ತಿಂಗಳಿಗೆ 1,500 ರೂಪಾಯಿ ಕೌಶಲ ಭತ್ಯೆ ಕೊಡುವುದೆಂದು ಯೋಚಿಸೋಣ. ಆ ಹಂತದ 160 ಮಾನವ ತಿಂಗಳು ಎಂದರೆ ಯಾವುದೇ ದಿನ ಸುಮಾರು ಹದಿಮೂರು ಜನ. ವರ್ಷಕ್ಕೆ 2,34,000 ರೂಪಾಯಿ. ಮೂವರು ಉಳಿದರೆ ಹಣ ಹಿಂದೆ ಬಂತು. ಆದರೆ ಜನ ಉಳಿಯತೊಡಗಿದರೆ ಆ ಹಂತದವರ ಸಂಖ್ಯೆಯೂ ಬೆಳೆಯುತ್ತದೆ. ಇಪ್ಪತ್ನಾಲ್ಕು ಜನ ಆದರೆ ಖರ್ಚು 4,32,000, ಆಗ ಐವರು ಉಳಿಯಬೇಕು. ಹನ್ನೆರಡರಲ್ಲಿ ಐವರನ್ನು ಉಳಿಸಿಕೊಳ್ಳುವುದು ಅಸಾಧ್ಯವಲ್ಲ.

ಯೋಜನೆ ಮುಗ್ಗರಿಸುವುದು ಇನ್ನೊಂದು ಕಡೆ. ಮೂರು ವರ್ಷ ದಾಟಿದ ಸುಮಾರು ಐವತ್ತೊಂದು ಹಳೆಯ ಆಪರೇಟರ್‌ಗಳು, ಹುಡುಗರಿಗೆ ಕೊಟ್ಟದ್ದು ನಮಗೇಕಿಲ್ಲ ಎಂದು ಕೇಳುತ್ತಾರೆ, ಕೇಳುವುದು ತಪ್ಪೂ ಅಲ್ಲ. ಅವರಿಗೂ ಅದೇ ಭತ್ಯೆ ಕೊಟ್ಟರೆ ವರ್ಷಕ್ಕೆ ಇನ್ನೂ 9,18,000 ರೂಪಾಯಿ ಸೇರಿ, ಉಳಿಸಿದ್ದೆಲ್ಲ ಮುಗಿದುಹೋಗುತ್ತದೆ. ಆದ್ದರಿಂದ ಹೊಸ ಹಣ ಸೇರಿಸುವುದಕ್ಕಿಂತ, ಮೂರು ವರ್ಷಕ್ಕೆ ಹೇಗೂ ಕೊಡಲಿರುವ ಏರಿಕೆಯ ಒಂದು ಭಾಗವನ್ನು ಪರೀಕ್ಷೆ ಪಾಸಾದ ತಿಂಗಳಿಗೆ ಮುಂಚಿತವಾಗಿ ಕೊಡುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ. ಹಳಬರು ಆ ಏರಿಕೆಯನ್ನು ಈಗಾಗಲೇ ಪಡೆದಿರುವುದರಿಂದ ಅವರ ಮುಂದೆ ಇದನ್ನು ನ್ಯಾಯವಾಗಿ ವಿವರಿಸಬಹುದು. ಭತ್ಯೆಯನ್ನು ಬೇರೆ ಸಾಲಿನಲ್ಲಿ ಕೊಡುವ ಮೊದಲು, ಪಿಎಫ್ ಮತ್ತು ಇಎಸ್‌ಐ ಲೆಕ್ಕದಲ್ಲಿ ಅದು ಸೇರುತ್ತದೆಯೇ ಎಂದು ನಿಮ್ಮ ಸಲಹೆಗಾರರಿಂದ ಬರವಣಿಗೆಯಲ್ಲಿ ಪಡೆಯಿರಿ. ಇಎಸ್‌ಐಗೆ ಸಾಮಾನ್ಯವಾಗಿ ತಿಂಗಳಿಗೆ 21,000 ರೂಪಾಯಿಯ ವೇತನ ಮಿತಿ ಇರುವುದರಿಂದ, ಅದರ ಅಂಚಿನಲ್ಲಿರುವ ಆಪರೇಟರ್‌ಗಳು ಏರಿಕೆಯಿಂದ ಆ ರಕ್ಷಣೆ ಕಳೆದುಕೊಳ್ಳುತ್ತಾರೆಯೇ ಎಂದೂ ನೋಡಬೇಕು. ಮನೆಯಲ್ಲಿ ಕಾಯಿಲೆಯವರಿದ್ದರೆ ಆ ಕಾರ್ಡು ಅವರಿಗೆ ಏರಿಕೆಗಿಂತ ದೊಡ್ಡದು.

ಬದಲಾವಣೆ ಜಾರಿಯಾದ ಮೇಲೆ ಮೂರು ತಿಂಗಳಿಗೆ ಫಲಿತಾಂಶ ಕೇಳಬೇಡಿ. ಪರೀಕ್ಷೆ ಪಾಸಾದವರು ಹದಿನೆಂಟರಿಂದ ಇಪ್ಪತ್ನಾಲ್ಕನೆಯ ತಿಂಗಳನ್ನು ದಾಟಲು ಕನಿಷ್ಠ ಒಂದು ವರ್ಷ ಬೇಕು. ಆ ಅವಧಿಯಲ್ಲಿ ಪ್ರತಿ ತಿಂಗಳೂ ಆ ಹಂತದ ಮಾನವ ತಿಂಗಳು ಮತ್ತು ಬಿಟ್ಟವರ ಸಂಖ್ಯೆಯನ್ನು ಅದೇ ಸೂತ್ರದಲ್ಲಿ ಬರೆದಿಡಿ, ಜೊತೆಗೆ ಮೂವತ್ತಾರು ತಿಂಗಳ ಮೇಲಿನವರ ದರವನ್ನೂ. ಮೊದಲಿನದು ಇಳಿದು ಎರಡನೆಯದು ಏರುತ್ತಿದ್ದರೆ ಜನ ಉಳಿದಿಲ್ಲ, ಹೊರಡುವುದನ್ನು ಒಂದು ವರ್ಷ ಮುಂದಕ್ಕೆ ಹಾಕಿದ್ದಾರೆ.